ಎಚ್‌ಎಸ್‌ಜಿ ಟೆಸ್ಟ್ ನೋವು, ರಿಪೋರ್ಟಲ್ಲಿ ಟ್ಯೂಬ್ ಬ್ಲಾಕ್

ಪ್ರಶ್ನೆ: ಟ್ಯೂಬ್‌ಗೆ ಡೈ ಹಾಕೋ ಟೆಸ್ಟ್ ಬರ್ದಿದಾರೆ, ತುಂಬಾ ನೋಯುತ್ತಾ? ಬ್ಲಾಕ್ ಇದ್ರೆ ರಿಪೋರ್ಟಲ್ಲಿ ಹೇಗಿರುತ್ತೆ?

ಉತ್ತರ: ನೋಯುತ್ತೆ, ಆದ್ರೆ ಜೋರು ನೋವು ಕೆಲವೇ ನಿಮಿಷ. ಡೈ ಒಳಗೆ ತಳ್ಳೋವಾಗ ಪೀರಿಯಡ್ಸ್ ಮೊದಲನೇ ದಿನದ ಥರ ಕೆಳಹೊಟ್ಟೆ ಹಿಂಡುತ್ತೆ, ಟ್ಯೂಬ್ ಕಟ್ಕೊಂಡಿದ್ರೆ ಡೈ ಮುಂದೆ ಹೋಗದೆ ಒತ್ತಡ ಜಾಸ್ತಿಯಾಗಿ ಇನ್ನೂ ಜೋರಾಗಬಹುದು. ಒಂದು ಗಂಟೆ ಮುಂಚೆ ಯಾವ ಪೇನ್‌ಕಿಲ್ಲರ್ ತಗೋಬಹುದು ಅಂತ ಡಾಕ್ಟರನ್ನ ಕೇಳ್ಕೊಳ್ಳಿ, ಪ್ಯಾಡ್ ಇಟ್ಕೊಂಡು ಹೋಗಿ, ಆಮೇಲೆ ಒಂದೆರಡು ದಿನ ಸ್ಪಾಟಿಂಗ್ ಮಾಮೂಲಿ. ಜ್ವರ, ಕೆಟ್ಟ ವಾಸನೆ ಡಿಸ್ಚಾರ್ಜ್ ಬಂದ್ರೆ ಮಾತ್ರ ತಡ ಮಾಡ್ಬೇಡಿ.

ಎಕ್ಸ್‌ರೇಲಿ ಗರ್ಭಕೋಶ ತಲೆಕೆಳಗಾದ ತ್ರಿಕೋನದ ಥರ ಕಾಣುತ್ತೆ, ಎರಡು ಮೂಲೆಯಿಂದ ದಾರದಂಥ ಗೆರೆ ಹೊರಟು ತುದೀಲಿ ಡೈ ಚೆಲ್ಲಿ ಹೊಗೆ ಹಂಗೆ ಹರಡಿದ್ರೆ ಟ್ಯೂಬ್ ಓಪನ್, ರಿಪೋರ್ಟಲ್ಲಿ 'ಫ್ರೀ ಸ್ಪಿಲ್' ಅಂತಿರುತ್ತೆ. ತುದಿ ಬಲೂನ್ ಥರ ಊದಿ 'ನೋ ಸ್ಪಿಲ್' ಅಂದ್ರೆ ಹೈಡ್ರೋಸಾಲ್ಪಿಂಕ್ಸ್, ಅಂದ್ರೆ ಹೊರತುದಿ ಮುಚ್ಚಿ ನೀರು ತುಂಬಿದೆ ಅಂತ.

ನನ್ನ ರಿಪೋರ್ಟಲ್ಲಿ ಬಲಗಡೆ 'ಕಾರ್ನುಯಲ್ ಬ್ಲಾಕ್' ಅಂತಿತ್ತು, ಗೆರೆ ಮೂಲೇಲೇ ನಿಂತ್ಬಿಟ್ಟಿತ್ತು, ಆಟೋದಲ್ಲೇ ಅತ್ತಿದ್ದೆ. ಆಮೇಲೆ ಲ್ಯಾಪರೋಸ್ಕೋಪೀಲಿ ಡೈ ಹಾಕಿ ನೋಡಿದ್ರೆ ಅದೂ ಓಪನ್! ಟೆಸ್ಟ್ ಹೊತ್ತಲ್ಲಿ ಟ್ಯೂಬ್ ಬಾಯಿ ಸ್ನಾಯು ಬಿಗಿಹಿಡ್ಕೊಂಡಿತ್ತಂತೆ. ಹಾಗಾಗಿ ಮೂಲೇಲಿ ಬ್ಲಾಕ್ ಅಂತ ಬಂದ್ರೆ ಸ್ಪಾಸಮ್ ಇರಬಹುದಾ ಅಂತ ಕೇಳಿ.