ಹೊಸ ಕಂಪನಿಗೆ ಡೊಮೇನ್, ಹೋಸ್ಟಿಂಗ್, ಇಮೇಲ್ ಮೂರನ್ನೂ ಒಬ್ಬರ ಹತ್ತಿರವೇ ತಗೊಳ್ಳಬಹುದಾ?

"ನಾವಿಬ್ಬರು ಸೇರಿ ಪುಣೆಯ ಭೋಸರಿಯಲ್ಲಿ ಜಿಗ್, ಫಿಕ್ಸ್ಚರ್ ಮಾಡುವ ಸಣ್ಣ ಕಂಪನಿ ಶುರು ಮಾಡಿದ್ದೇವೆ. ವೆಬ್‌ಸೈಟ್ ಮಾಡಿಕೊಡುವವರು ಡೊಮೇನ್, ಹೋಸ್ಟಿಂಗ್, ಇಮೇಲ್ ಎಲ್ಲಾ ಒಂದೇ ಪ್ಯಾಕೇಜಿನಲ್ಲಿ ಕೊಡ್ತೀವಿ ಅಂತಿದ್ದಾರೆ. ತಗೊಳ್ಳಬಹುದಾ?"

ಹೋಸ್ಟಿಂಗ್ ಅವರ ಹತ್ತಿರ ತಗೊಳ್ಳಿ, ತೊಂದರೆ ಇಲ್ಲ. ಡೊಮೇನ್ ಮತ್ತು ಇಮೇಲ್ ಮಾತ್ರ ನಿಮ್ಮದೇ ಖಾತೆಯಲ್ಲಿ, ನಿಮ್ಮದೇ ಕಾರ್ಡಿನಿಂದ ಕೊಳ್ಳಿ. ನಾನು ಪುಣೆಯಲ್ಲಿ ಸಣ್ಣ ಕಂಪನಿಗಳಿಗೆ ಇದೇ ಕೆಲಸ ಮಾಡಿಕೊಡುತ್ತೇನೆ. ಹೀಗೆ ಯಾಕೆ ಹೇಳುತ್ತೇನೆ ಅಂದರೆ, ಚಿಂಚವಾಡದಲ್ಲಿ ಪ್ಯಾಕಿಂಗ್ ಬಾಕ್ಸ್ ಮಾಡುವ ನಮ್ಮ ವಿಜಯಪುರದ ಕಡೆಯವರೊಬ್ಬರಿಗೆ ಆಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಅವರ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿತ್ತು, ಸರಿಯಾಗಿ ನಡೆಯುತ್ತಿತ್ತು. ಹೊಸ ವೆಬ್‌ಸೈಟ್ ಮಾಡಿದವರು ಶುಕ್ರವಾರ ಸಂಜೆ ಡೊಮೇನಿನ ನೇಮ್‌ಸರ್ವರ್ ಬದಲಿಸಿದರು. ಸೈಟ್ ಚೆನ್ನಾಗಿ ತೆರೆಯಿತು, ಎಲ್ಲರಿಗೂ ಖುಷಿ. ಮಂಗಳವಾರ ಚಾಕಣದ ಗಿರಾಕಿ ಫೋನ್ ಮಾಡಿ, "ಪರ್ಚೇಸ್ ಆರ್ಡರ್ ಕಳಿಸಿ ಮೂರು ದಿನ ಆಯ್ತು, ಉತ್ತರವೇ ಇಲ್ಲವಲ್ಲ?" ಎಂದು ಕೇಳಿದರು. ಇವರ ಇನ್‌ಬಾಕ್ಸ್‌ನಲ್ಲಿ ಏನೂ ಇರಲಿಲ್ಲ. ಕಳಿಸಿದವರಿಗೆ ಮೇಲ್ ವಾಪಸ್ ಬಂದಿರಲೂ ಇಲ್ಲ.

ಆಗಿದ್ದು ಇಷ್ಟು. ಡೊಮೇನ್ ಅಂದರೆ ಬರೀ ಹೆಸರು. ಆ ಹೆಸರಿನ ಹಿಂದೆ ಡಿಎನ್‌ಎಸ್ ಎಂಬ ಒಂದು ಪಟ್ಟಿ ಇರುತ್ತದೆ. ವೆಬ್‌ಸೈಟ್ ಯಾವ ಸರ್ವರಿನಲ್ಲಿದೆ ಎಂದು ಅದರಲ್ಲಿನ ಎ ರೆಕಾರ್ಡ್ ಹೇಳುತ್ತದೆ. ಮೇಲ್ ಎಲ್ಲಿಗೆ ತಲುಪಿಸಬೇಕು ಎಂದು ಎಂಎಕ್ಸ್ ರೆಕಾರ್ಡ್ ಹೇಳುತ್ತದೆ. ಆ ಪಟ್ಟಿ ಯಾರ ಹತ್ತಿರ ಇದೆ ಎಂದು ಹೇಳುವುದೇ ನೇಮ್‌ಸರ್ವರ್. ನೇಮ್‌ಸರ್ವರ್ ಬದಲಿಸಿದರೆ ಹಳೆಯ ಪಟ್ಟಿ ಪೂರ್ತಿ ಕೈಬಿಟ್ಟ ಹಾಗೆ, ಹೋಸ್ಟಿಂಗಿನವರ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಆ ಹೊಸ ಪಟ್ಟಿಯಲ್ಲಿ ಎಂಎಕ್ಸ್ ತಾನಾಗಿಯೇ ಹೋಸ್ಟಿಂಗ್ ಸರ್ವರನ್ನೇ ತೋರಿಸುತ್ತಿತ್ತು. ವಿಳಾಸ ಯಾವುದೇ ಇರಲಿ, ಬಂದ ಮೇಲನ್ನು ಆ ಸರ್ವರ್ ತನ್ನ ಮುಖ್ಯ ಖಾತೆಯ ಡಬ್ಬಿಗೆ ಹಾಕಿಕೊಳ್ಳುತ್ತಿತ್ತು. ಅದಕ್ಕೇ ಯಾರಿಗೂ ಮೇಲ್ ವಾಪಸ್ ಹೋಗಲಿಲ್ಲ. ಆ ಡಬ್ಬಿ ತೆರೆದಾಗ ಚಾಕಣದ ಆರ್ಡರ್ ಅಲ್ಲೇ ಬಿದ್ದಿತ್ತು.

ಅವತ್ತು ಬೇಕಾಗಿದ್ದುದು ಎ ರೆಕಾರ್ಡಿನಲ್ಲಿ ಹೊಸ ಸರ್ವರಿನ ಐಪಿ, ಅಂದರೆ ಅಂಕಿಗಳ ವಿಳಾಸ, ಹಾಕುವುದು, ಅಷ್ಟೇ. `www` ಬೇರೆ ಸಾಲಿನಲ್ಲಿದ್ದರೆ ಅದನ್ನೂ ಬದಲಿಸಬೇಕು. ನೇಮ್‌ಸರ್ವರ್ ಮುಟ್ಟುವ ಅಗತ್ಯವೇ ಇರಲಿಲ್ಲ. ನಿಮ್ಮ ವೆಬ್‌ಸೈಟಿನವರು ಡೊಮೇನ್ ಖಾತೆಯ ಲಾಗಿನ್ ಕೇಳಿದರೆ ಇಷ್ಟು ಹೇಳಿ: "ಐಪಿ ಕೊಡಿ, ನಾವೇ ಹಾಕ್ತೀವಿ." ಐದು ನಿಮಿಷದ ಕೆಲಸ. ಹಿಂದಿನ ದಿನವೇ ಆ ಸಾಲಿನ ಟಿಟಿಎಲ್ ಅನ್ನು 300ಕ್ಕೆ ಇಳಿಸಿಟ್ಟರೆ ಬದಲಾವಣೆ ಬೇಗ ಎಲ್ಲರಿಗೂ ಕಾಣುತ್ತದೆ. 300 ಅಂದರೆ 300 ಸೆಕೆಂಡು, ಹಳೆಯ ಉತ್ತರವನ್ನು ಅಷ್ಟು ಹೊತ್ತು ಮಾತ್ರ ನೆನಪಿಟ್ಟುಕೋ ಎಂಬ ಸೂಚನೆ.

ಮೇಲ್ ಈಗ ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ, `example.com` ಜಾಗದಲ್ಲಿ ನಿಮ್ಮ ಡೊಮೇನ್ ಹಾಕಿ:

```
nslookup -type=mx example.com
```

ಗೂಗಲ್ ಮೇಲ್ ಆದರೆ ಉತ್ತರದಲ್ಲಿ `smtp.google.com` ಕಾಣಬೇಕು. ಹಳೆಯ ಖಾತೆಗಳಲ್ಲಿ `aspmx.l.google.com` ಇರುತ್ತದೆ, ಅದೂ ಸರಿ. `mail exchanger` ಮುಂದೆ ಹೋಸ್ಟಿಂಗಿನವರ ಹೆಸರು ಅಥವಾ ನಿಮ್ಮದೇ ಡೊಮೇನಿನ ಹೆಸರು ಕಂಡರೆ ತಕ್ಷಣ ಸರಿಪಡಿಸಿ.

ಚಿಂಚವಾಡದವರ ಕಷ್ಟ ಎಂಎಕ್ಸ್ ಸರಿ ಮಾಡಿದ ಮೇಲೂ ಮುಗಿಯಲಿಲ್ಲ. ಈಗ ಮೇಲ್ ಬರುತ್ತಿತ್ತು, ಆದರೆ ಇವರು ಕಳಿಸಿದ ಇನ್‌ವಾಯ್ಸ್‌ಗಳು ಗಿರಾಕಿಗಳ ಸ್ಪ್ಯಾಮಿಗೆ ಬೀಳತೊಡಗಿದವು. ಹಳೆಯ ಪಟ್ಟಿಯ ಜೊತೆ ಎಸ್‌ಪಿಎಫ್ ಮತ್ತು ಡಿಕಿಮ್ ಸಾಲುಗಳೂ ಹೋಗಿದ್ದವು. ಈ ಡೊಮೇನಿನ ಹೆಸರಿನಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ಗೂಗಲ್ ಒಂದರಿಂದಲೇ ಕಳಿಸುವುದಾದರೆ ಅದು ಇಷ್ಟೇ:

```
v=spf1 include:_spf.google.com ~all
```

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಮುಂದೆ ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೂ ಮೇಲ್ ಕಳಿಸಬೇಕಾದಾಗ ಎರಡನೇ ಎಸ್‌ಪಿಎಫ್ ಸಾಲು ಸೇರಿಸಿಬಿಡುತ್ತಾರೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಹೊಸ `include` ಅನ್ನು ಇದೇ ಸಾಲಿನೊಳಗೆ, `~all` ಮುಂಚೆ ಸೇರಿಸಿ.

ಡಿಕಿಮ್ ಅಂದರೆ ಪ್ರತಿ ಮೇಲಿಗೆ ಹಾಕುವ ಸಹಿ. ಅದರ ಕೀಲಿ ವರ್ಕ್‌ಸ್ಪೇಸಿನ ಅಡ್ಮಿನ್ ಪುಟದಲ್ಲಿ ಸಿಗುತ್ತದೆ, ಅದನ್ನು ಟಿಎಕ್ಸ್‌ಟಿ ಸಾಲಾಗಿ ಡಿಎನ್‌ಎಸ್‌ಗೆ ಹಾಕಿ. ಆಮೇಲೆ ಅದೇ ಪುಟಕ್ಕೆ ವಾಪಸ್ ಬಂದು `Start authentication` ಒತ್ತುವುದನ್ನು ಮರೆಯಬೇಡಿ. ಒತ್ತದಿದ್ದರೆ ನಿಮ್ಮ ಡೊಮೇನಿನ ಸಹಿ ಬೀಳುವುದಿಲ್ಲ. ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ಅದಕ್ಕೆ ಕೊನೆಗೆ `_dmarc` ಹೆಸರಿನಲ್ಲಿ `v=DMARC1; p=none` ಎಂಬ ಟಿಎಕ್ಸ್‌ಟಿ ಸಾಲು ಹಾಕಿ, ಶುರುವಿಗೆ ಅಷ್ಟು ಸಾಕು. ಸರಿಯಾಯಿತಾ ಎಂದು ನೋಡಲು ನಿಮ್ಮ ಸ್ವಂತ ಜಿಮೇಲಿಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ಅದರ ಮೂರು ಚುಕ್ಕೆಯ ಮೆನುವಿನಿಂದ `Show original` ತೆರೆಯಿರಿ. `SPF`, `DKIM`, `DMARC` ಮೂರರ ಮುಂದೂ `PASS` ಇರಬೇಕು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇವುಗಳ ಬಗ್ಗೆ ಬಿಗಿ ಮಾಡಿವೆ, ಹಾಗಾಗಿ ಆಮೇಲೆ ನೋಡೋಣ ಎಂದು ಬಿಡಬೇಡಿ.

ಹೋಸ್ಟಿಂಗಿನ ಜೊತೆ ಪುಕ್ಕಟೆ ಬರುವ ಮೇಲ್ ಬೇಡ ಎನ್ನುವುದಕ್ಕೂ ಇದೇ ತರಹದ ಕಾರಣ. ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಐಪಿಯಿಂದ ಎಷ್ಟೋ ಸೈಟುಗಳ ಮೇಲ್ ಹೋಗುತ್ತದೆ. ಪಕ್ಕದವರು ಸ್ಪ್ಯಾಮ್ ಕಳಿಸಿದರೆ ನಿಮ್ಮ ಕೊಟೇಶನ್ನಿಗೂ ಕೆಟ್ಟ ಹೆಸರು. ಗೂಗಲ್, ಮೈಕ್ರೋಸಾಫ್ಟ್, ಜೋಹೋ ಯಾವುದಾದರೂ ಸರಿ. ಇಬ್ಬರೇ ಇದ್ದೀರಿ, ಇಬ್ಬರಿಗೆ ಎರಡು ಖಾತೆ ಸಾಕು. `sales`, `accounts` ಇವನ್ನೆಲ್ಲಾ ಏಲಿಯಸ್, ಅಂದರೆ ಅದೇ ಖಾತೆಗೆ ಇನ್ನೊಂದು ವಿಳಾಸ, ಮಾಡಿಕೊಳ್ಳಿ. ಹೋಸ್ಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕೈದು ಪುಟದ ಸೈಟಿಗೆ ಚಿಕ್ಕ ಶೇರ್ಡ್ ಪ್ಲಾನ್ ಸಾಕು. ಮೊದಲ ವರ್ಷದ ಬೆಲೆ ಬಿಟ್ಟು ರಿನ್ಯೂವಲ್ ಬೆಲೆ ಕೇಳಿ. ಜಿಎಸ್‌ಟಿ ನಂಬರ್ ಇದ್ದರೆ ಬಿಲ್ಲಿನಲ್ಲಿ ಅದನ್ನು ಹಾಕಿಸಿಕೊಳ್ಳಿ.

ಇನ್ನೊಂದು ಮಾತು, ಡೊಮೇನ್ ಕೊಳ್ಳುವಾಗ ಬೇಕಾಗುವಂಥದ್ದು. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವವರ, ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಡೊಮೇನಿನ ಅವಧಿ ಮುಗಿದು ಅದು ನಿಂತರೆ ಆ ಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ನಿಮಗೆ ತಲುಪುವುದಿಲ್ಲ. ಬೇರೆ ಒಂದು ಜಿಮೇಲ್ ಕೊಟ್ಟು, ಇಬ್ಬರ ಫೋನಿನಲ್ಲೂ ಅದನ್ನು ತೆರೆದಿಡಿ. ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಕಂಪನಿಯ ಹೆಸರು ಇರಲಿ.

ವೆಬ್‌ಸೈಟಿನವರು ಈಗಾಗಲೇ ತಮ್ಮ ಖಾತೆಯಲ್ಲಿ ಡೊಮೇನ್ ಕೊಂಡುಬಿಟ್ಟಿದ್ದರೆ ಗಾಬರಿ ಬೇಡ. ಅದೇ ರಿಜಿಸ್ಟ್ರಾರ್ ಹತ್ತಿರ ನೀವೂ ಖಾತೆ ತೆರೆದು, ಅದಕ್ಕೆ ಡೊಮೇನ್ ಸರಿಸಿಕೊಡಿ ಎಂದು ಕೇಳಿ. ಬೇರೆ ರಿಜಿಸ್ಟ್ರಾರಿಗೆ ಒಯ್ಯುವುದಾದರೆ ಈಗಿನ ರಿಜಿಸ್ಟ್ರಾರ್ ಕೊಡುವ ಆಥ್ ಕೋಡ್ ಬೇಕು, ಡಾಟ್ ಕಾಮ್ ಡೊಮೇನನ್ನು ಹೊಸದಾಗಿ ಕೊಂಡ 60 ದಿನ ಒಯ್ಯಲೂ ಆಗುವುದಿಲ್ಲ. ಸೈಟಿನ ಕೊನೆಯ ಕಂತು ಕೊಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.