ಸಾವಾದ ಮನೆಗೆ ಬಂದ ಬುತ್ತಿ ಯಾರ ಹೊಟ್ಟೆಗೆ ಹೋಯಿತು?

ದಾವಣಗೆರೆಯಲ್ಲಿ ಆಪ್ತಸಲಹೆ ಶುರು ಮಾಡಿದಾಗಿನಿಂದ ಈ ಕಥೆ ಬೇರೆ ಬೇರೆ ಮನೆಗಳಿಂದ ನನ್ನ ಹತ್ತಿರ ಬರುತ್ತಲೇ ಇದೆ. ಸಾವಾದ ಮನೆಗೆ ನೆಂಟರು ಊಟ ಹೊತ್ತು ತರುತ್ತಾರೆ. ಆದರೂ ಆ ಮನೆಯವರೇ ಹಸಿದಿರುತ್ತಾರೆ. ಈ ಪ್ರಕರಣದಲ್ಲಿ ಹೆಸರು, ಗುರುತು ಬದಲಿಸಿದ್ದೇನೆ.

ಗಿರಿಜಮ್ಮನಿಗೆ ಐವತ್ತಾರು ವರ್ಷ. ಗಂಡ ತೀರಿಕೊಂಡ ಏಳನೇ ದಿನ ಅವರ ತಂಗಿ ನನಗೆ ಫೋನ್ ಮಾಡಿದರು. "ಅಕ್ಕ ಏನೂ ತಿನ್ನಂಗಿಲ್ಲ, ಕೈ ನಡುಗ್ತಾವ. ಮನಸ್ಸಿಗೆ ಹಚ್ಕೊಂಡಾಳ್ರಿ ಮೇಡಂ" ಎಂದರು. ಸೂತಕ ಕಳೆಯುವವರೆಗೆ ಅಕ್ಕ ಹೊರಗೆ ಬರುವ ಹಾಗಿರಲಿಲ್ಲ. ನಾನೇ ಹೋದೆ.

ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತೆವು. ನಾನು ಅವರ ಯಜಮಾನರ ಬಗ್ಗೆ ಕೇಳಿದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಯಾರದೋ ಚಪ್ಪಲಿ ಸದ್ದಾಯಿತು. ಗಿರಿಜಮ್ಮ ಎದ್ದು ನಿಂತರು, ಟೀಗೆ ನೀರಿಡಲು. ಕೈ ಹಿಡಿದು ಕೂರಿಸಿದೆ. ಆಗ ಹೇಳಿದರು: "ನಿನ್ನೆ ಒಂದೇ ದಿನ ಎಂಟು ಸಲ ಟೀ ಕಾಸೀನ್ರಿ. ಅವ್ರು ಹೋಗ್ಯಾರಂತ ಅಳಾಕೂ ನನಗ ಪುರುಸೊತ್ತಿಲ್ಲ."

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮೊದಲು ಏನು ಊಟ ಬಂತು, ಯಾರು ತಂದರು ಅಂತ ನಿಧಾನವಾಗಿ ಕೇಳಿದೆ. ಮಣ್ಣಾದ ದಿನ ಮತ್ತು ಮರುದಿನ ಆರು ಮನೆಯಿಂದ ಬುತ್ತಿ ಬಂದಿತ್ತು. ರೊಟ್ಟಿ, ಅನ್ನ, ಸಾರು ಮಿಕ್ಕಿ ಹಳಸಿ ಹೋಗಿತ್ತು. ಹಾಲು ತುಪ್ಪದ ಕಾರ್ಯ ಮುಗಿದ ಮೇಲೆ ಬುತ್ತಿ ನಿಂತಿತು. ಮಾತಾಡಿಸಲು ಬರುವವರು ಮಾತ್ರ ನಿಲ್ಲಲಿಲ್ಲ. ಊರಿಂದ ಬಂದವರಿಗೆ ಬಡಿಸಿ ಉಳಿದರೆ ಇವರು ಉಣ್ಣುತ್ತಿದ್ದರು. ಆದರೆ ಸಕ್ಕರೆ ಕಾಯಿಲೆ ಮಾತ್ರೆಯನ್ನು ದಿನಾ ಬೆಳಿಗ್ಗೆ ತಪ್ಪದೆ ನುಂಗುತ್ತಿದ್ದರು, ಬರೀ ಹೊಟ್ಟೆಯಲ್ಲಿ.

ಕೈ ನಡುಗಲು ದುಃಖ ಒಂದೇ ಕಾರಣ ಅಲ್ಲದಿರಬಹುದು ಅನ್ನಿಸಿತು. ಕೆಲವು ಸಕ್ಕರೆ ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದುಬಿಡುತ್ತದೆ. ಬೆವರು, ನಡುಕ, ಮಾತು ತಡವರಿಸುವುದು ಅದರ ಗುರುತು. ಹಾಗಾದಾಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಆಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅವರ ಡಾಕ್ಟರಿಗೆ ಅಲ್ಲೇ ಫೋನ್ ಮಾಡಿಸಿದೆ.

ನಂತರ ತಂಗಿ, ಓರಗಿತ್ತಿ, ನಾದಿನಿಯನ್ನು ಕೂರಿಸಿಕೊಂಡೆ. ಉಳಿದ ದಿನಗಳನ್ನು ಹಂಚಿದೆವು. ಒಂದು ದಿನಕ್ಕೆ ಒಂದೇ ಮನೆಯ ಅಡುಗೆ. ಬೇರೆ ಯಾರಾದರೂ ಊಟ ತರುತ್ತೇವೆ ಎಂದರೆ ನಾದಿನಿಗೆ ಫೋನ್ ಮಾಡಬೇಕು, ಗಿರಿಜಮ್ಮನಿಗಲ್ಲ. ಅಡುಗೆ ಬಂದ ಕೂಡಲೇ ಮನೆಯ ಮೂವರ ಪಾಲನ್ನು ಒಂದು ಕ್ಯಾರಿಯರ್‌ಗೆ ತೆಗೆದು ಒಳಗಿಡಬೇಕು. ಮಿಕ್ಕಿದ್ದು ಬಂದವರಿಗೆ. ಟೀ ಫ್ಲಾಸ್ಕಿನಲ್ಲಿ ಪಡಸಾಲೆಗೆ ಬರಬೇಕು.

ಆ ಮನೆಯಲ್ಲಿ ಸೂತಕದಲ್ಲಿ ಒಗ್ಗರಣೆ ಹಾಕುವುದಿಲ್ಲ. ಓರಗಿತ್ತಿ ಅದನ್ನು ಸ್ವಲ್ಪ ಜೋರಾಗಿಯೇ ಹೇಳಿದರು. ನಾನು ಅದಕ್ಕೆ ಅಡ್ಡ ಮಾತಾಡಲಿಲ್ಲ. ದುಃಖದಲ್ಲಿ ಎಣ್ಣೆ, ಖಾರದ ವಾಸನೆಗೇ ಹೊಟ್ಟೆ ತೊಳಸುತ್ತದೆ. ತಿಳಿಸಾರು, ಮೆತ್ತಗಿನ ಅನ್ನವೇ ಒಳಗೆ ಇಳಿಯುವುದು. ಬೆಳಿಗ್ಗೆ ಮಾತ್ರೆ ಹೊತ್ತಿಗೆ ರವೆ ಗಂಜಿ ಎಂದು ಗೊತ್ತು ಮಾಡಿದೆವು. ಮೊಸರನ್ನ ಮಾಡುವವರಿಗೆ ಒಂದು ಮಾತು ಹೇಳಿದೆ. ನಮ್ಮೂರಿನ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಆರಿದ ಅನ್ನಕ್ಕೆ ಹಾಲು ಜಾಸ್ತಿ ಹಾಕಿ, ಒಂದು ಚಮಚ ಮೊಸರು ಸಾಕು. ಮಧ್ಯಾಹ್ನ ಹೊರಗೇ ಉಳಿದ ಅನ್ನವನ್ನು ರಾತ್ರಿಗೆ ಬಡಿಸುವುದು ಬೇಡ. ತಟ್ಟೆ ತುಂಬ ಬಡಿಸಿ "ಉಣ್ಣು ಉಣ್ಣು" ಅನ್ನುವುದೂ ಬೇಡ. ಸಣ್ಣ ಬಟ್ಟಲಲ್ಲಿ ಕೊಟ್ಟು, ಪಕ್ಕದಲ್ಲಿ ಕೂತು ತಾವೂ ಉಣ್ಣಬೇಕು.

ಆಪ್ತಸಲಹೆಗಾರರ ಕೆಲಸ ಅಡುಗೆ ಪಾಳಿ ಹಾಕುವುದಾ ಎಂದು ಗೆಳತಿಯೊಬ್ಬರು ನನ್ನನ್ನು ಕೇಳಿದ್ದಾರೆ. ಹೌದು ಅಂತಲೇ ಹೇಳುತ್ತೇನೆ. ಏಳನೇ ದಿನದ ದುಃಖಕ್ಕೆ ನನ್ನ ಹತ್ತಿರ ಮಾತಿನ ಮದ್ದಿಲ್ಲ. ಅಳಲು ಒಂದು ಗಂಟೆ ಬಿಡುವು ಮಾಡಿಕೊಡಲು ನನ್ನಿಂದಾಗುತ್ತದೆ. "ಧೈರ್ಯ ತಗೋ" ಎಂದು ಹತ್ತು ಜನ ಹೇಳಿ ಹೋಗಿದ್ದರು. ಆ ಹತ್ತೂ ಜನಕ್ಕೆ ಟೀ ಮಾಡಿಕೊಟ್ಟವರು ಗಿರಿಜಮ್ಮ.

ಒಂದು ತಪ್ಪು ನನ್ನದೂ ಇದೆ. ಅವರನ್ನು ಅಡುಗೆಮನೆಗೆ ಬಿಡಲೇಬೇಡಿ ಎಂದುಬಿಟ್ಟಿದ್ದೆ. ಮರುದಿನ ತಂಗಿ ಫೋನ್ ಮಾಡಿ, ಅಕ್ಕ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದಾಳೆ ಎಂದರು. ಆಗ ಮಾತು ಬದಲಿಸಿದೆ. ಅವರಾಗಿ ಕೇಳಿದರೆ ಅಕ್ಕಿ ಆರಿಸಲು ಕೊಡಿ, ಒಲೆಯ ಕೆಲಸ ಮಾತ್ರ ಬೇಡ. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ, ವಾರಕ್ಕೆ ಎರಡು ರಾತ್ರಿಯ ಊಟ ಒಂದು ತಿಂಗಳು ಮುಂದುವರಿಯಲಿ ಎಂದೆ. ಓರಗಿತ್ತಿ ಮಂಗಳವಾರ ತಾನು ನೋಡಿಕೊಳ್ಳುತ್ತೇನೆ ಎಂದರು.

ಹತ್ತನೇ ದಿನ ಮತ್ತೆ ಹೋಗಿದ್ದೆ. ಗಿರಿಜಮ್ಮ ಮೊರದಲ್ಲಿ ಅಕ್ಕಿ ಹಿಡಿದು ಅಳುತ್ತಾ ಕೂತಿದ್ದರು. ಬಾಗಿಲಲ್ಲಿ ಯಾರೋ ಬಂದರು. ಅವರು ಏಳಲಿಲ್ಲ.