ಕೋಣಗಳು ಮುಟ್ಟಿದವೋ, ಮುಟ್ಟಿದರೋ?

*ಕಂಬಳದ ಬಗ್ಗೆ ನಿಮ್ಮಲ್ಲಿ ಬಂದ ಬರಹದಲ್ಲಿ, ಓಟದ ಗುರಿ ತಲುಪಿದ್ದನ್ನು ಹೇಳುವಾಗ, ‘ಓಡಿಸುವವನೂ ಎರಡು ಕೋಣಗಳೂ ಮಂಜೊಟ್ಟಿ ಮುಟ್ಟಿದರು’ ಎಂದಿದೆ. ಕೋಣಗಳಿಗೆ ‘ಮುಟ್ಟಿದರು’ ಬರುವುದಿಲ್ಲ. ‘ಮುಟ್ಟಿದವು’ ಎಂದರೆ ಓಡಿಸುವವನನ್ನೂ ಪ್ರಾಣಿಗಳ ಸಾಲಿಗೆ ಸೇರಿಸಿದಂತೆ. ಸರಿ ಯಾವುದು?*
*– ಓದುಗರೊಬ್ಬರು, ಕಾರ್ಕಳ*

ಎರಡೂ ಸರಿಯಲ್ಲ. ಆ ವಾಕ್ಯವನ್ನು ತಿದ್ದದೆ ಬಿಟ್ಟದ್ದು ನನ್ನ ತಪ್ಪು.

ಏಕವಚನದಲ್ಲಿ ನಮ್ಮ ಕ್ರಿಯಾಪದ ಮೂರು ಲಿಂಗವನ್ನೂ ತೋರಿಸುತ್ತದೆ: ಬಂದನು, ಬಂದಳು, ಬಂದಿತು. ಬಹುವಚನಕ್ಕೆ ಬಂದೊಡನೆ ಗಂಡು–ಹೆಣ್ಣಿನ ಭೇದ ಅಳಿದುಹೋಗುತ್ತದೆ. ಅಣ್ಣನೂ ತಂಗಿಯೂ ‘ಬಂದರು’, ಅಷ್ಟೇ. ಅಲ್ಲಿ ಉಳಿಯುವ ಪ್ರಶ್ನೆ ಒಂದೇ, ಬಂದದ್ದು ಮನುಷ್ಯರೋ ಅಲ್ಲವೋ ಎಂಬುದು. ಇದಕ್ಕೆ ‘ಮಗು’ ಶಬ್ದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ಮಗು ಬಂತು’ ಎನ್ನುತ್ತೇವೆ, ಅಲ್ಲಿ ಅದು ನಪುಂಸಕಲಿಂಗ. ಆದರೆ ‘ತಾಯಿಯೂ ಮಗುವೂ ಬಂದರು’ ಎನ್ನಲು ಯಾರೂ ಅಳುಕುವುದಿಲ್ಲ, ಇಬ್ಬರೂ ಮನುಷ್ಯರೇ ತಾನೆ? ಶಬ್ದದ ಲಿಂಗ ಯಾವುದೆಂದು ಬಹುವಚನ ಕೇಳುವುದೇ ಇಲ್ಲ.

ಕೋಣಗಳು ಜೊತೆಗೆ ಬಂದಾಗ ಈ ಉಪಾಯ ನಡೆಯುವುದಿಲ್ಲ. ‘ಅರು’ ಮನುಷ್ಯರಿಗೆ, ‘ಅವು’ ಉಳಿದದ್ದಕ್ಕೆ; ಎರಡನ್ನೂ ಒಳಗೊಳ್ಳುವ ಮೂರನೆಯ ಪ್ರತ್ಯಯ ಕನ್ನಡದಲ್ಲಿಲ್ಲ. ಎಣಿಸಿ ನೋಡಿದರೂ ಇದೇ ಗೊತ್ತಾಗುತ್ತದೆ. ಕಂಬಳದ ಗದ್ದೆಯಲ್ಲಿ ಓಡಿದ್ದು ‘ಮೂವರು’ ಎನ್ನಲಾಗದು, ‘ಮೂರು’ ಎನ್ನಲೂ ಮನಸ್ಸು ಬಾರದು.

ಅದೇ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ: ‘ಓಡಿಸುವವನೂ ಎರಡು ಕೋಣಗಳೂ ಮಂಜೊಟ್ಟಿ ಮುಟ್ಟಲಿಲ್ಲ.’ ಎಲ್ಲೂ ತೊಡಕಿಲ್ಲ. ‘ಮುಟ್ಟಬೇಕು’, ‘ಮುಟ್ಟಲಿ’ ಎಂದರೂ ಹಾಗೆಯೇ. ಈ ರೂಪಗಳಲ್ಲಿ ಲಿಂಗ–ವಚನದ ಗುರುತೇ ಇಲ್ಲ. ಅಂದರೆ ಮನುಷ್ಯನನ್ನೂ ಕೋಣವನ್ನೂ ಒಟ್ಟಿಗೆ ಹೇಳಿದ್ದರಲ್ಲಿ ದೋಷವಿರಲಿಲ್ಲ, ಕ್ರಿಯಾಪದದ ಬಾಲದಲ್ಲಿ ಮಾತ್ರ ಇತ್ತು.

ಗುರುತು ತೋರಿಸಲೇಬೇಕಾದಲ್ಲಿ ಒಬ್ಬರನ್ನು ಕರ್ತೃವಿನ ಸ್ಥಾನದಿಂದ ಕೆಳಗಿಳಿಸಬೇಕು. ‘ಕೋಣಗಳೊಂದಿಗೆ ಓಡಿಸುವವನೂ ಮಂಜೊಟ್ಟಿ ಮುಟ್ಟಿದ’ ಎಂದರೆ ಕ್ರಿಯಾಪದ ಓಡಿಸುವವನೊಬ್ಬನನ್ನೇ ಅನುಸರಿಸುತ್ತದೆ. ಕೋಣಗಳ ಓಟವೇ ಮುಖ್ಯವಾದರೆ ‘ಓಡಿಸುವವನ ಸಮೇತ ಕೋಣಗಳು ಮುಟ್ಟಿದವು’ ಎನ್ನಿ. ಓಡಿಸುವವನು ನಡುವೆ ಬಿದ್ದಿದ್ದರೆ ಎರಡು ಕ್ರಿಯಾಪದಗಳೇ ಬೇಕು: ‘ಕೋಣಗಳು ಮುಟ್ಟಿದವು, ಅವನು ಆಮೇಲೆ ಎದ್ದು ಬಂದ.’

ಕೋಣವನ್ನು ಮನೆಮಗನಂತೆ ಸಾಕಿದವರು ಮಾತಿನಲ್ಲಿ ಎಲ್ಲರನ್ನೂ ಸೇರಿಸಿ ‘ಬಂದರು’ ಎಂದಾರು. ಅದನ್ನು ನಾನು ತಿದ್ದಲಾರೆ. ಅವರ ಮಾತನ್ನು ಉದ್ಧರಿಸುವಾಗ ಹಾಗೆಯೇ ಅಚ್ಚು ಮಾಡುತ್ತೇವೆ. ವರದಿಗಾರರ ಸ್ವಂತ ವಾಕ್ಯಕ್ಕೆ ಆ ರಿಯಾಯಿತಿ ಇಲ್ಲ.

ಇದರ ಜೊತೆಗೇ ನಮ್ಮ ಬರಹಗಳಲ್ಲಿ ನುಸುಳುವ ಇನ್ನೊಂದು ತಪ್ಪು ‘ತಂಡ ಗೆದ್ದರು’. ತಂಡ ಗೆದ್ದಿತು, ತಂಡದವರು ಗೆದ್ದರು. ‘ಜನ’ ಮಾತ್ರ ಬೇರೆ. ಅದು ಏಕವಚನದಂತೆ ಕಂಡರೂ ‘ಜನ ಸೇರಿದ್ದರು’ ಎಂಬುದೇ ರೂಢಿ.

ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ನಿಮ್ಮ ವಾಕ್ಯ ಹೀಗೆ ಬರುತ್ತದೆ: ‘ಎರಡು ಕೋಣಗಳ ಜೊತೆ ಓಡಿಸುವವನೂ ಮಂಜೊಟ್ಟಿ ಮುಟ್ಟಿದ.’

– ಸಂಪಾದಕ